ಮಾವಿನ ಮೂಸ್: ನಾರು ತೆಗೆಯುವುದು ಹೇಗೆ, ಸಿಹಿ-ಹುಳಿ ಹದ ಮಾಡುವುದು ಹೇಗೆ

ಏಪ್ರಿಲ್ ಬಂತು ಅಂದರೆ ಅವೇ ಮೂರು ಪ್ರಶ್ನೆಗಳು ಬರುತ್ತವೆ. ಮೂಸ್ ತಿನ್ನುವಾಗ ಬಾಯಿಗೆ ನಾರು ಸಿಗುತ್ತದೆ, ಏನು ಮಾಡೋದು? ಹಣ್ಣು ತುಂಬಾ ಸಿಹಿ ಇತ್ತು, ಮೂಸ್ ಮಾತ್ರ ಸಪ್ಪೆ, ಯಾಕೆ? ಫ್ರಿಜ್‌ನಿಂದ ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಕರಗಿ ನೀರಾಯಿತು, ತಪ್ಪಿದ್ದು ಎಲ್ಲಿ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಇಡೀ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಸ್ ಅಂದರೆ ಹಣ್ಣಿನ ತಿರುಳಿಗೆ ನೊರೆ ಬರುವಂತೆ ಬೀಟ್ ಮಾಡಿದ ಕ್ರೀಮ್ ಸೇರಿಸಿ ತಣ್ಣಗೆ ಮಾಡಿದ ಹಗುರವಾದ ಸಿಹಿ. ಇದನ್ನು ಹಲವರು ಜೆಲಾಟಿನ್ ಹಾಕಿ ಮಾಡುತ್ತಾರೆ. ಕಲಬುರಗಿಯ ಮೇ ತಿಂಗಳಿಗೆ ಅದು ಹೊಂದುವುದಿಲ್ಲ. ಜೆಲಾಟಿನ್ ಸುಮಾರು 30 ಡಿಗ್ರಿ ದಾಟಿದರೆ ಕರಗಲು ಶುರುವಾಗುತ್ತದೆ, ನಮ್ಮಲ್ಲಿ ಮಧ್ಯಾಹ್ನ 40 ದಾಟುತ್ತದೆ. ಜೊತೆಗೆ ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದರಿಂದ ಬಹಳ ಮನೆಗಳಲ್ಲಿ ತಿನ್ನುವುದಿಲ್ಲ. ಅದಕ್ಕೆ ನಾನು ಚೈನಾ ಗ್ರಾಸ್ ಬಳಸುತ್ತೇನೆ. ಅಗರ್ ಅಗರ್ ಅನ್ನುವುದೂ ಇದಕ್ಕೇ. ಇದು ಸಮುದ್ರದ ಪಾಚಿಯಿಂದ ತೆಗೆದದ್ದು. 40 ಡಿಗ್ರಿಗಿಂತ ಕೆಳಗೆ ಬಂದಾಗ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಬೇಕಾದರೆ 85 ಡಿಗ್ರಿಯಷ್ಟು ಬಿಸಿ ಬೇಕು. ಅಂದರೆ ಯಾವ ಬಿಸಿಲೂ ಅದನ್ನು ಕರಗಿಸಲಾರದು.

ಏನೇನು ಬೇಕು

ಎಂಟು ಸಣ್ಣ ಬಟ್ಟಲಿಗೆ ಆಗುವಷ್ಟು ಅಳತೆ ಇದು: ಸೋಸಿದ ಮಾವಿನ ತಿರುಳು 500 ಗ್ರಾಂ, ಸಕ್ಕರೆ ಸುಮಾರು 65 ಗ್ರಾಂ, ನೀರು 150 ಮಿಲಿ, ಚೈನಾ ಗ್ರಾಸ್ ಪುಡಿ 4 ಗ್ರಾಂ, ವಿಪ್ಪಿಂಗ್ ಕ್ರೀಮ್ 200 ಮಿಲಿ, ಒಂದು ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು. ಪುಡಿ ತೂಗಲು ಸಣ್ಣ ತಕ್ಕಡಿ ಇಲ್ಲದಿದ್ದರೆ ಮೇಲೆ ಸಮ ಮಾಡಿದ ಎರಡು ಟೀ ಚಮಚ ಹಾಕಿ. ಪುಡಿಯ ಬದಲು ಎಳೆಗಳಾಗಿ ಬರುವ ಚೈನಾ ಗ್ರಾಸ್ ಸಿಕ್ಕರೆ 5 ಗ್ರಾಂ ತೆಗೆದುಕೊಂಡು ಅರ್ಧ ಗಂಟೆ ನೀರಲ್ಲಿ ನೆನೆಸಿಡಿ.

500 ಗ್ರಾಂ ತಿರುಳು ಬರಬೇಕಾದರೆ ಬೇನಿಶಾನ್ ಆದರೆ ಒಂದು ಕೆಜಿ ಹಣ್ಣು ಸಾಕು. ನಾರು ಜಾಸ್ತಿ ಇರುವ ನಾಟಿ ಹಣ್ಣಾದರೆ ಒಂದೂವರೆ ಕೆಜಿ ತನ್ನಿ. ಅದರಲ್ಲಿ ಗೊರಟೆ ದೊಡ್ಡದು, ಸೋಸಿದ ಮೇಲೆ ಉಳಿಯುವುದು ಕಡಿಮೆ.

ಯಾವ ಹಣ್ಣು ತರಬೇಕು

ನಮ್ಮ ಸೂಪರ್ ಮಾರ್ಕೆಟ್ ಕಡೆ ಸೀಸನ್‌ನಲ್ಲಿ ಹೋದರೆ ಜಾಸ್ತಿ ಕಾಣುವುದು ಬೇನಿಶಾನ್, ಅಂದರೆ ಬಂಗನಪಲ್ಲಿ. ದೊಡ್ಡ ಹಣ್ಣು, ತಿಳಿ ಹಳದಿ, ನಾರು ಇಲ್ಲವೇ ಇಲ್ಲ ಅನ್ನಬಹುದು. ಸಿಹಿ ಚೆನ್ನಾಗಿದೆ, ಆದರೆ ಹುಳಿ ತುಂಬಾ ಕಡಿಮೆ. ಬರೀ ಇದರಲ್ಲೇ ಮಾಡಿದ ಮೂಸ್ ನುಣ್ಣಗೆ ಬರುತ್ತದೆ, ತಿಂದರೆ ಮಾತ್ರ ಕ್ರೀಮ್ ರುಚಿಯೇ ಮುಂದೆ ಬರುತ್ತದೆ, ಮಾವು ಹಿಂದೆ ಉಳಿಯುತ್ತದೆ. ಕೇಸರ್‌ನಲ್ಲಿ ಬಣ್ಣ, ಪರಿಮಳ ಎರಡೂ ಗಾಢ, ನಾರೂ ಕಡಿಮೆ. ಆಪೂಸ್ ಸಹ ಹಾಗೇ, ಬೆಲೆ ಮಾತ್ರ ಜಾಸ್ತಿ. ದಸೇರಿ ಸಿಹಿ, ನಾರಿಲ್ಲ, ಸ್ವಲ್ಪ ತಡವಾಗಿ ಬರುತ್ತದೆ.

ತೋತಾಪುರಿಯನ್ನು ಹಲವರು ಮೂಸ್‌ಗೆ ಮುಟ್ಟುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಬಹಳ ಉಪಯೋಗಕ್ಕೆ ಬರುವ ಹಣ್ಣು. ಸಿಹಿ ಕಡಿಮೆ, ಹುಳಿ ಜಾಸ್ತಿ, ಬೆಲೆಯೂ ಕಡಿಮೆ. ಬೇನಿಶಾನ್‌ಗೆ ಇಲ್ಲದ್ದು ಇದರಲ್ಲಿದೆ. ಬೇನಿಶಾನ್ ಏಳು ಪಾಲು, ಚೆನ್ನಾಗಿ ಮಾಗಿದ ತೋತಾಪುರಿ ಮೂರು ಪಾಲು ಬೆರೆಸಿದರೆ ಕ್ರೀಮ್ ಒಳಗಿಂದಲೂ ಮಾವಿನ ರುಚಿ ಎದ್ದು ಬರುತ್ತದೆ. ಈ ಲೇಖನದ ಲೆಕ್ಕವನ್ನು ಇದೇ ಬೆರಕೆ ಇಟ್ಟುಕೊಂಡು ಹೇಳುತ್ತೇನೆ.

ಚೀಪಿ ತಿನ್ನುವ ನಾಟಿ ರಸದ ಹಣ್ಣಿಗೆ ಪರಿಮಳ ಎಲ್ಲಕ್ಕಿಂತ ಜೋರು, ನಾರೂ ಅಷ್ಟೇ ಜೋರು. ರಸ ತೆಳು. ಅದನ್ನೇ ಪೂರ್ತಿ ಹಾಕಬೇಡಿ, ಮೂರನೇ ಒಂದು ಪಾಲು ಸೇರಿಸಿ.

ಒಂದು ಎಚ್ಚರಿಕೆ. ಹೊರಗೆ ಒಂದೇ ಸಮ ಹಳದಿ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ, ಕೊಯ್ದರೆ ಗೊರಟೆಯ ಹತ್ತಿರ ಬಿಳಿಚು, ಹುಳಿ. ಇಂಥ ಹಣ್ಣನ್ನು ಬಲಿಯುವ ಮೊದಲೇ ಕಿತ್ತು ಬೇಗ ಹಣ್ಣು ಮಾಡಿರುತ್ತಾರೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನಲ್ಲೇ ನಿಷೇಧವಿದೆ. ಎಥಿಲೀನ್ ಅನಿಲದಿಂದ ಮಾಗಿಸಲು ಮಿತಿಯೊಳಗೆ ಅನುಮತಿ ಇದೆ, ಅದರಿಂದ ಭಯವಿಲ್ಲ. ಆದರೆ ಬಲಿಯದ ಕಾಯಿಗೆ ಯಾವುದರಿಂದಲೂ ಪರಿಮಳ ಬರುವುದಿಲ್ಲ. ಅದಕ್ಕೆ ಎಷ್ಟು ಸಕ್ಕರೆ ಸುರಿದರೂ ಮೂಸ್ ಆಗುವುದಿಲ್ಲ. ತೊಟ್ಟಿನ ಹತ್ತಿರ ಮೂಸಿ ನೋಡಿಯೇ ಕೊಳ್ಳಿ.

ಹಂತ 1: ತೊಳೆದು ನೆನೆಸಿ, ಒಂದೊಂದನ್ನೂ ರುಚಿ ನೋಡಿ

ಹಣ್ಣನ್ನು ಅರ್ಧ ಗಂಟೆ ನೀರಲ್ಲಿಡಿ. ಆಮೇಲೆ ತೊಟ್ಟಿನ ಕಡೆ ಸ್ವಲ್ಪ ದಪ್ಪಗೇ ಕತ್ತರಿಸಿ ಎಸೆಯಿರಿ. ಸೊನೆ ಇರುವುದು ಅಲ್ಲೇ. ಅದು ತಿರುಳಿಗೆ ಸೇರಿದರೆ ಒಂಥರಾ ಕಹಿ ಒಗರು ಉಳಿಯುತ್ತದೆ. ಕತ್ತರಿಸಿದ ಪ್ರತಿ ಹಣ್ಣಿನಿಂದ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಒಂದೇ ಪೆಟ್ಟಿಗೆಯ ಹಣ್ಣುಗಳೂ ಒಂದೇ ರುಚಿ ಇರುವುದಿಲ್ಲ. ಒಂದು ಕೆಟ್ಟ ಹಣ್ಣು ಇಡೀ ತಿರುಳನ್ನು ಹಾಳು ಮಾಡುತ್ತದೆ.

ಹಂತ 2: ನಾರು ಮೊದಲು, ಮಿಕ್ಸರ್ ಆಮೇಲೆ

ಎಲ್ಲರೂ ಎಡವುವುದು ಇಲ್ಲೇ. ಹೋಳುಗಳನ್ನು ನೇರ ಮಿಕ್ಸರ್‌ಗೆ ಹಾಕಿ ಗರ್ರನೆ ತಿರುಗಿಸುತ್ತಾರೆ, ಆಮೇಲೆ ಸೋಸುತ್ತಾರೆ. ಬ್ಲೇಡು ನಾರನ್ನು ಕರಗಿಸುವುದಿಲ್ಲ, ಸಣ್ಣಗೆ ಕತ್ತರಿಸುತ್ತದೆ ಅಷ್ಟೇ. ಉದ್ದ ಇದ್ದಾಗ ಜರಡಿಯಲ್ಲಿ ನಿಲ್ಲುತ್ತಿದ್ದ ನಾರು ತುಂಡಾದ ಮೇಲೆ ತೂತಿನಿಂದ ಆರಾಮಾಗಿ ಇಳಿದುಬಿಡುತ್ತದೆ. ತಿರುಳು ನೋಡಲು ನುಣ್ಣಗೆ ಕಾಣುತ್ತದೆ, ತಿಂದಾಗ ನಾಲಿಗೆಗೆ ಕೂದಲು ಕೂದಲಾಗಿ ಸಿಗುತ್ತದೆ. ಸೀಕರಣೆಯಲ್ಲಿ ಹೋಳಿಗೆ ಜೊತೆ ತಿನ್ನುವಾಗ ಇದು ಗೊತ್ತಾಗುವುದಿಲ್ಲ. ಮೂಸ್‌ನಲ್ಲಿ ಅಗಿಯುವಂಥದ್ದು ಏನೂ ಇಲ್ಲ, ಹಾಗಾಗಿ ಒಂದೇ ಎಳೆ ಇದ್ದರೂ ಗೊತ್ತಾಗುತ್ತದೆ.

ಹಾಗಾದರೆ ಹೇಗೆ? ನಾರು ದಟ್ಟವಾಗಿ ಇರುವುದು ಗೊರಟೆಯ ಸುತ್ತ. ಗೊರಟೆಯ ಎರಡೂ ಬದಿಯ ದಪ್ಪ ಹೋಳುಗಳನ್ನು ಮಾತ್ರ ಮೂಸ್‌ಗೆ ತೆಗೆದುಕೊಳ್ಳಿ. ಗೊರಟೆಗೆ ಅಂಟಿದ್ದನ್ನು ಹಿಂಡಿ ಸೀಕರಣೆಗೆ ಇಟ್ಟುಕೊಳ್ಳಿ, ಅಥವಾ ಮಕ್ಕಳಿಗೆ ಚೀಪಲು ಕೊಡಿ. ಹೋಳುಗಳ ತಿರುಳನ್ನು ಚಮಚದಿಂದ ಕೆರೆದು ಬಟ್ಟಲಿಗೆ ಹಾಕಿ ಕೈಯಿಂದ ಇಲ್ಲವೇ ಕಡೆಗೋಲಿನಿಂದ ಕಿವುಚಿ. ಇದನ್ನು ಸ್ಟೀಲಿನ ರವೆ ಜರಡಿಗೆ ಹಾಕಿ ಸೌಟಿನ ಹಿಂಬದಿಯಿಂದ ಸುತ್ತ ಒತ್ತುತ್ತಾ ಇಳಿಸಿ. ಮೈದಾ ಜರಡಿ ಬೇಡ, ಅದರ ತೂತು ಬೇಗ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲೂ ಹಿಂಡಬೇಡಿ, ರಸ ಇಳಿದು ದಪ್ಪ ತಿರುಳು ಬಟ್ಟೆಯಲ್ಲೇ ಉಳಿಯುತ್ತದೆ. ಕಬ್ಬಿಣದ ಜರಡಿಯಾದರೆ ಹುಳಿಗೆ ಲೋಹದ ರುಚಿ ಬಿಡುತ್ತದೆ.

ಜರಡಿಯಲ್ಲಿ ಕೊನೆಗೆ ಉಳಿಯುವ ಎರಡು ಮೂರು ಚಮಚ ಗಟ್ಟಿಯನ್ನು ಬಿಟ್ಟುಬಿಡಿ. ಅದನ್ನೂ ಬಿಡಬಾರದು ಅಂತ ಉಜ್ಜಿದರೆ ನಾರಿನ ತುದಿಗಳು ಕೆಳಗೆ ಬರುತ್ತವೆ.

ನಾರು ಹೋಯಿತೋ ಇಲ್ಲವೋ ನೋಡಲು ಸುಲಭ ಪರೀಕ್ಷೆ ಇದೆ. ಸೋಸಿದ ತಿರುಳಲ್ಲಿ ಫೋರ್ಕ್ ಅಥವಾ ತಂತಿಯ ಬೀಟರ್ ಹಾಕಿ ಒಂದು ನಿಮಿಷ ಸುತ್ತಿಸಿ ಎತ್ತಿ ನೋಡಿ. ನಾರು ಉಳಿದಿದ್ದರೆ ಹಲ್ಲಿಗೆ, ತಂತಿಗೆ ಸುತ್ತಿಕೊಂಡು ಬರುತ್ತದೆ. ನಾಟಿ ಹಣ್ಣು ಸೇರಿಸಿದ್ದರೆ ಈ ಪರೀಕ್ಷೆಯನ್ನೇ ಕೆಲಸವಾಗಿ ಮಾಡಿ: ಸುತ್ತಿಸಿ, ಎತ್ತಿ, ಒರೆಸಿ, ಮತ್ತೆ ಸುತ್ತಿಸಿ. ತಂತಿ ಚೊಕ್ಕಟವಾಗಿ ಬರುವ ತನಕ ಮಾಡಿ. ಇದೆಲ್ಲ ಆದ ಮೇಲೆ ಬೇಕಿದ್ದರೆ ಮಿಕ್ಸರ್‌ನಲ್ಲಿ ಒಂದು ಸುತ್ತು ತಿರುಗಿಸಿ.

ಹಂತ 3: ಸಿಹಿಯ ಲೆಕ್ಕ

ಹಣ್ಣು ಸಿಹಿ ಇದ್ದರೂ ಮೂಸ್ ಸಪ್ಪೆಯಾಗುವುದಕ್ಕೆ ಕಾರಣ ಸುಲಭ. ಅದಕ್ಕೆ ನೀರು, ಕ್ರೀಮ್ ಸೇರುತ್ತವೆ. ಒಂದು ಲೆಕ್ಕ ಮಾಡಿ ನೋಡೋಣ.

ಹಣ್ಣಿನ ಸಿಹಿಯನ್ನು ಬ್ರಿಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. 100 ಗ್ರಾಂ ತಿರುಳಲ್ಲಿ ಕರಗಿರುವ ಅಂಶ ಎಷ್ಟು ಗ್ರಾಂ ಎಂದು ಅದು ಹೇಳುತ್ತದೆ. ಮಾವಿನಲ್ಲಿ ಅದರ ಬಹುಪಾಲು ಸಕ್ಕರೆಯೇ. ಒಳ್ಳೆ ಬೇನಿಶಾನ್‌ದು 17 ಎಂದೂ ತೋತಾಪುರಿಯದು 14 ಎಂದೂ ಇಟ್ಟುಕೊಳ್ಳಿ. 350 ಗ್ರಾಂ ಬೇನಿಶಾನ್‌ನಲ್ಲಿ ಸುಮಾರು 60 ಗ್ರಾಂ, 150 ಗ್ರಾಂ ತೋತಾಪುರಿಯಲ್ಲಿ ಸುಮಾರು 20 ಗ್ರಾಂ, ಒಟ್ಟು 80 ಗ್ರಾಂ ಸಕ್ಕರೆ. 500 ಗ್ರಾಂ ತಿರುಳಿಗೆ 80 ಅಂದರೆ ಶೇಕಡಾ 16, ಬಾಯಿಗೆ ಚೆನ್ನಾಗಿಯೇ ಸಿಹಿ. ಈಗ 150 ನೀರು, 200 ಕ್ರೀಮ್ ಸೇರಿಸಿ. ಒಟ್ಟು 850 ಗ್ರಾಂ ಆಯಿತು, ಸಕ್ಕರೆ ಅದೇ 80. ಶೇಕಡಾ 16 ಇದ್ದದ್ದು ಒಂಬತ್ತೂವರೆಗೆ ಇಳಿಯಿತು. ಮತ್ತೆ ಹಣ್ಣಿನಷ್ಟೇ ಸಿಹಿ ಬರಬೇಕಾದರೆ ಸುಮಾರು 65 ಗ್ರಾಂ ಸಕ್ಕರೆ ಹಾಕಬೇಕು. ಮೇಲೆ ಕೊಟ್ಟ ಅಳತೆ ಬಂದದ್ದು ಹೀಗೆ.

ಬರೀ ತೋತಾಪುರಿಯಲ್ಲೇ ಮಾಡುವವರು 80 ಗ್ರಾಂವರೆಗೆ ಹೋಗಬೇಕಾಗುತ್ತದೆ. ಕೇಸರ್, ಆಪೂಸ್ ಚೆನ್ನಾಗಿ ಮಾಗಿದ್ದರೆ 50 ಗ್ರಾಂ ಸಾಕು. ಇವು ಅಂದಾಜು ಅಷ್ಟೇ. ಅದಕ್ಕೆ ಪೂರ್ತಿ ಸಕ್ಕರೆಯನ್ನು ಒಂದೇ ಸಲ ಹಾಕಬೇಡಿ. 65ರಲ್ಲಿ 50 ಗ್ರಾಂ ಮುಂದಿನ ಹಂತಕ್ಕೆ ತೆಗೆದಿಡಿ, 15 ಗ್ರಾಂ ಪುಡಿ ಮಾಡಿ ಪಕ್ಕಕ್ಕಿಡಿ.

ವಿಪ್ಪಿಂಗ್ ಕ್ರೀಮ್ ಡಬ್ಬಿಯನ್ನೂ ಒಮ್ಮೆ ಓದಿ. ಕೇಕಿಗೆ ಬಳಸುವ, ಹಾಲಿನದಲ್ಲದ ವಿಪ್ಪಿಂಗ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಇರುತ್ತದೆ. ಅದನ್ನು ಬಳಸುವುದಾದರೆ ಮುಂದಿನ ಹಂತಕ್ಕೆ 50ರ ಬದಲು 30 ಗ್ರಾಂ ಸಕ್ಕರೆ ಮಾತ್ರ ತೆಗೆದಿಡಿ.

ಹಂತ 4: ಚೈನಾ ಗ್ರಾಸ್ ಕುದಿಸಿ ಬೆರೆಸುವುದು

ತಿರುಳು ಫ್ರಿಜ್‌ನಲ್ಲಿದ್ದರೆ ಹೊರಗೆ ತೆಗೆದು, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕಲಕಿ. ಹಾಲಿಗೆ ಹೆಪ್ಪು ಹಾಕುವಾಗ ಇರುವಂಥ ಬಿಸಿ, ಅಥವಾ ಅದಕ್ಕಿಂತ ತುಸು ಜಾಸ್ತಿ ಬಂದರೆ ಸಾಕು. ಕುದಿಸಬೇಡಿ, ಪರಿಮಳ ಹೋಗುತ್ತದೆ.

ಬೇರೆ ಪಾತ್ರೆಯಲ್ಲಿ 150 ಮಿಲಿ ನೀರಿಗೆ ಚೈನಾ ಗ್ರಾಸ್ ಪುಡಿ ಉದುರಿಸಿ, ಕಲಕುತ್ತಾ ಕುದಿಸಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇನ್ನೂ ಎರಡು ಮೂರು ನಿಮಿಷ ಬಿಡಿ. ಎಳೆಗಳಾದರೆ ಪೂರ್ತಿ ಕಾಣದಂತೆ ಕರಗುವ ತನಕ ಕುದಿಸಬೇಕು, ಹೊತ್ತು ಜಾಸ್ತಿ ಹಿಡಿಯುತ್ತದೆ. ನೀರು ತೀರಾ ಇಂಗಿದರೆ ಸ್ವಲ್ಪ ಬಿಸಿನೀರು ಸೇರಿಸಿ. ಪೂರ್ತಿ ಕರಗಿದ ಮೇಲೆ ಈ ಹಂತಕ್ಕೆ ತೆಗೆದಿಟ್ಟ ಸಕ್ಕರೆ ಹಾಕಿ. ಮೊದಲೇ ಹಾಕಿದರೆ ಚೈನಾ ಗ್ರಾಸ್ ಸರಿಯಾಗಿ ಕರಗುವುದಿಲ್ಲ.

ಕೆಲವರು ಪಾತ್ರೆ ಉಳಿಸಲು ಚೈನಾ ಗ್ರಾಸ್ ಅನ್ನು ತಿರುಳಲ್ಲೇ ಕುದಿಸುತ್ತಾರೆ. ಹಾಗೆ ಮಾಡಬೇಡಿ. ಹುಳಿಯಲ್ಲಿ ಕುದಿದರೆ ಅದರ ಗಟ್ಟಿ ಹಿಡಿಯುವ ಶಕ್ತಿ ಕುಗ್ಗುತ್ತದೆ. ತೋತಾಪುರಿ ಜಾಸ್ತಿ ಇದ್ದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ, ಎಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟರೂ ಸಡಿಲವಾಗಿಯೇ ಇರುತ್ತದೆ. ನಿಂಬೆರಸವನ್ನೂ ಇಲ್ಲಿ ಹಾಕಬಾರದು.

ಕುದಿಯುವ ನೀರನ್ನು ಬಿಸಿ ತಿರುಳಿಗೆ ಸುರಿಯುತ್ತಾ ಬೇಗ ಬೇಗ ಕಲಕಿ. ತಿರುಳು ತಣ್ಣಗಿದ್ದರೆ ಸುರಿದ ಜಾಗದಲ್ಲೇ ಚೈನಾ ಗ್ರಾಸ್ ಗಟ್ಟಿಯಾಗಿ ಎಳೆ ಎಳೆಯಾಗುತ್ತದೆ. ಬಹಳ ಜನ ಈ ಎಳೆಯನ್ನೇ ಮಾವಿನ ನಾರು ಅಂದುಕೊಂಡು ಹಣ್ಣನ್ನು ಬೈಯುತ್ತಾರೆ! ಎರಡು ಬೆರಳ ನಡುವೆ ಉಜ್ಜಿ ನೋಡಿ. ಚೈನಾ ಗ್ರಾಸ್ ಎಳೆ ಪುಡಿಯಾಗುತ್ತದೆ. ಮಾವಿನ ನಾರು ಹಾಗೇ ಉಳಿಯುತ್ತದೆ.

ಅಗಲ ತಟ್ಟೆಗೆ ಹಾಕಿ ಫ್ರಿಜ್‌ನಲ್ಲಿಡಿ. ಬೇರೆ ಊರಲ್ಲಿ ಇದು ಹೊರಗೇ ಗಟ್ಟಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಅಡುಗೆಮನೆಯೇ 40 ಡಿಗ್ರಿ ಹತ್ತಿರ ಇರುವುದರಿಂದ ಹೊರಗಿಟ್ಟು ಕಾಯುವುದು ವ್ಯರ್ಥ. ಎರಡು ಗಂಟೆಯಲ್ಲಿ ಕತ್ತರಿಸಿದರೆ ತುಂಡಾಗುವಷ್ಟು ಗಟ್ಟಿಯಾಗಬೇಕು.

ಹಂತ 5: ಗಟ್ಟಿಯಾದದ್ದನ್ನು ಒಡೆದು, ತಣ್ಣಗಿರುವಾಗಲೇ ರುಚಿ ಸರಿ ಮಾಡಿ

ಗಟ್ಟಿ ಮಾಡಿದ್ದನ್ನು ಮತ್ತೆ ಒಡೆಯೋದು ಯಾಕೆ ಅಂತ ಕೇಳುತ್ತೀರಿ. ಬಿಸಿ ತಿರುಳಿಗೆ ನೇರ ತಣ್ಣನೆ ಕ್ರೀಮ್ ಸೇರಿಸಿದರೆ ಎರಡು ತೊಂದರೆ. ಬಿಸಿ ಜಾಸ್ತಿ ಇದ್ದರೆ ಕ್ರೀಮ್ ಕರಗುತ್ತದೆ, ಕಡಿಮೆ ಇದ್ದರೆ ಚೈನಾ ಗ್ರಾಸ್ ಗಂಟು ಕಟ್ಟುತ್ತದೆ. ನಡುವಿನ ಹದ ಹಿಡಿಯುವುದು ಕಷ್ಟ. ಮೊದಲೇ ಗಟ್ಟಿ ಮಾಡಿ ಒಡೆದರೆ ಈ ಆತುರವೇ ಇಲ್ಲ. ಸಣ್ಣಪುಟ್ಟ ಎಳೆ, ಗಂಟು ಇದ್ದರೂ ಇಲ್ಲೇ ಹೋಗುತ್ತವೆ.

ಗಟ್ಟಿಯಾದದ್ದನ್ನು ಹೋಳು ಮಾಡಿ ಮಿಕ್ಸರ್‌ಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕಾಳು ಕಾಣದೆ ಹೊಳಪು ಬರಬೇಕು, ಚಮಚದಿಂದ ನಿಧಾನಕ್ಕೆ ಜಾರಬೇಕು. ಒಂದೇ ಸಮ ಓಡಿಸಿದರೆ ಮಿಕ್ಸರ್ ಜಾರ್ ಬಿಸಿಯಾಗುತ್ತದೆ, ಅದು ಬೇಡ.

ಈಗ ರುಚಿ ನೋಡಿ. ಇದೇ ಸರಿಯಾದ ಹೊತ್ತು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಕ್ರೀಮಿನ ಕೊಬ್ಬು ಹುಳಿಯನ್ನು ಮುಚ್ಚುತ್ತದೆ. ಬಿಸಿ ತಿರುಳಲ್ಲಿ ಸರಿ ಅನಿಸಿದ್ದು ಬಟ್ಟಲಲ್ಲಿ ಸಪ್ಪೆಯಾಗುವುದು ಅದಕ್ಕೇ. ಹಾಗಾಗಿ ಬರೀ ತಿರುಳು ನೆಕ್ಕಿ ನೋಡಬೇಡಿ. ಮೂರು ಚಮಚ ತಿರುಳಿಗೆ ಒಂದು ಚಮಚ ಕ್ರೀಮ್ ಬೆರೆಸಿ, ಐದು ನಿಮಿಷ ಫ್ರಿಜ್‌ನಲ್ಲಿಟ್ಟು ತಿನ್ನಿ.

ತಿಂದಾಗ ಸಿಹಿ ಸಾಲದು ಅನಿಸಿದರೆ ಎತ್ತಿಟ್ಟ ಸಕ್ಕರೆ ಪುಡಿ ಸೇರಿಸಿ. ಸಿಹಿ ಇದೆ, ಆದರೆ ಮಾವು ಎಲ್ಲಿ ಅನಿಸಿದರೆ ಅದು ಹುಳಿಯ ಕೊರತೆ. ಅಲ್ಲಿ ಸಕ್ಕರೆ ಹಾಕಿದರೆ ಇನ್ನೂ ಕೆಡುತ್ತದೆ. ಒಂದು ಟೀ ಚಮಚ ನಿಂಬೆರಸ ಹಾಕಿ ಮತ್ತೆ ನೋಡಿ. ಬರೀ ಬೇನಿಶಾನ್ ಆದರೆ ಎರಡು ಮೂರು ಟೀ ಚಮಚ ಹಿಡಿಯುತ್ತದೆ. ನಮ್ಮ ಏಳು-ಮೂರು ಬೆರಕೆಗೆ ಹೆಚ್ಚಾದರೆ ಒಂದು. ನಿಂಬೆಯ ವಾಸನೆ ಗೊತ್ತಾಗುವ ಮೊದಲು ನಿಲ್ಲಿಸಬೇಕು. ಹುಳಿಯೇ ಜಾಸ್ತಿಯಾಗಿದ್ದರೆ ಸಕ್ಕರೆ ಪುಡಿಯ ಜೊತೆ ಚಿಟಿಕೆ ಉಪ್ಪು ಹಾಕಿ. ಗಟ್ಟಿಯಾಗುವ ಕೆಲಸ ಆಗಲೇ ಮುಗಿದಿರುವುದರಿಂದ ಈಗ ನಿಂಬೆರಸದಿಂದ ಚೈನಾ ಗ್ರಾಸ್‌ಗೆ ಏನೂ ಆಗುವುದಿಲ್ಲ.

ಹಂತ 6: ಕ್ರೀಮ್

ಪೊಟ್ಟಣದಲ್ಲಿ ಬರುವ ಸಾಮಾನ್ಯ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇಕಡಾ 25ರ ಆಸುಪಾಸು. ಅದು ಎಷ್ಟು ಬೀಟ್ ಮಾಡಿದರೂ ನಿಲ್ಲುವುದಿಲ್ಲ. ಶೇಕಡಾ 30ಕ್ಕಿಂತ ಜಾಸ್ತಿ ಇರುವ ವಿಪ್ಪಿಂಗ್ ಕ್ರೀಮ್ ಬೇಕು. ಬಟ್ಟಲು, ಬೀಟರ್ ಎರಡನ್ನೂ ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿ, ಐಸ್ ತುಂಬಿದ ತಟ್ಟೆಯ ಮೇಲಿಟ್ಟು ಬೀಟ್ ಮಾಡಿ. ಸಾಧ್ಯವಾದರೆ ಬೆಳಿಗ್ಗೆ ಅಥವಾ ರಾತ್ರಿ ಮಾಡಿ. ಬೀಟರ್ ಎತ್ತಿದಾಗ ತುದಿ ಎದ್ದು ಮೆಲ್ಲಗೆ ಬಾಗಿದರೆ ಸಾಕು. ಅಲ್ಲಿಂದ ಮುಂದೆ ಹೋದರೆ ತರಿತರಿಯಾಗಿ ಬೆಣ್ಣೆಯತ್ತ ತಿರುಗುತ್ತದೆ.

ಕ್ರೀಮಿನ ಮೂರನೇ ಒಂದು ಪಾಲನ್ನು ಮೊದಲು ತಿರುಳಿಗೆ ಚೆನ್ನಾಗಿ ಬೆರೆಸಿ. ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಮಗುಚುತ್ತಾ ಸೇರಿಸಿ. ಬಟ್ಟಲುಗಳಿಗೆ ಹಾಕಿ ಮೂರು ಗಂಟೆ ಫ್ರಿಜ್‌ನಲ್ಲಿಡಿ.

ವಿಪ್ಪಿಂಗ್ ಕ್ರೀಮ್ ಸಿಗದಿದ್ದರೆ ಕಟ್ಟಿದ ಮೊಸರು, ಅಂದರೆ ಶ್ರೀಖಂಡದ ಚಕ್ಕಾ, 250 ಗ್ರಾಂ ಸೇರಿಸಬಹುದು. ಅಷ್ಟು ಹಗುರ ಬರುವುದಿಲ್ಲ, ಆದರೆ ರುಚಿ ಬಹಳ ಚೆನ್ನ. ಚಕ್ಕಾದಲ್ಲೇ ಹುಳಿ ಇರುತ್ತದೆ. ಹಾಗಾಗಿ ಆಗ ತೋತಾಪುರಿ, ನಿಂಬೆ ಎರಡೂ ಬಿಟ್ಟು ಬರೀ ಬೇನಿಶಾನ್ ಹಾಕಿ.

ಹಂತ 7: ಬಡಿಸುವುದು, ಉಳಿಸುವುದು

ಚೈನಾ ಗ್ರಾಸ್ ಬಿಸಿಲಿಗೆ ಕರಗದು, ಕ್ರೀಮ್ ಕರಗುತ್ತದೆ. ಹೊರಗೆ ತೆಗೆದ ಕಾಲು ಗಂಟೆಯೊಳಗೆ ತಿನ್ನುವಂತೆ ಬಡಿಸಿ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ಹೊರಗೆ ಗಂಟೆಗಟ್ಟಲೆ ಉಳಿದ ಮೂಸ್ ಅನ್ನು ಮತ್ತೆ ತಣ್ಣಗೆ ಮಾಡಿ ಕೊಡಬೇಡಿ, ಹಾಲಿನ ಪದಾರ್ಥ ಈ ಸೆಖೆಯಲ್ಲಿ ಬೇಗ ಕೆಡುತ್ತದೆ. ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು.

ಮೂಸ್ ಅನ್ನು ಫ್ರೀಜರ್‌ಗೆ ಹಾಕಬೇಡಿ. ಚೈನಾ ಗ್ರಾಸ್ ಹೆಪ್ಪುಗಟ್ಟಿ ಕರಗಿದಾಗ ನೀರು ಬಿಡುತ್ತದೆ, ಬಟ್ಟಲ ತಳದಲ್ಲಿ ನೀರು ನಿಲ್ಲುತ್ತದೆ. ಸೀಸನ್ ಮುಗಿದ ಮೇಲೂ ಬೇಕು ಅನ್ನುವವರು ಹಂತ 2ರಲ್ಲಿ ಸೋಸಿದ ತಿರುಳನ್ನು 500 ಗ್ರಾಂ ಪೊಟ್ಟಣ ಮಾಡಿ, ಗಾಳಿ ಹೊರಗೆ ತೆಗೆದು ಫ್ರೀಜ್ ಮಾಡಿ. ಪೊಟ್ಟಣದ ಮೇಲೆ ಯಾವ ಹಣ್ಣು, ಯಾವ ಪಾಲು, ಹುಳಿ ಹೇಗಿತ್ತು ಅಂತ ಬರೆದಿಡಿ. ಶ್ರಾವಣದಲ್ಲಿ ತೆಗೆದಾಗ ಸಕ್ಕರೆ ಎಷ್ಟು ಹಾಕಬೇಕು ಅನ್ನುವುದಕ್ಕೆ ಆ ಚೀಟಿಯೇ ಆಧಾರ.